ಸನ್‌ಸ್ಕ್ರೀನ್ ಚೀಟಿ ಓದುವ ಬಗೆ. ಮುಖಕ್ಕೆ ಎಷ್ಟು ಹಚ್ಚಬೇಕು?

ಕಣದಲ್ಲಿ ಕಾಫಿ ಹರಡುವ, ಅಂಗಳದಲ್ಲಿ ಅಡಿಕೆ ಒಣಗಿಸುವ ದಿನಗಳಲ್ಲಿ ನಮ್ಮ ಮುಖಕ್ಕೆ ತೋಟದ ನೆರಳು ಸಿಗುವುದಿಲ್ಲ. ಈಚೆಗೆ ಬೆಳೆಗಾರರ ಮನೆಗಳಲ್ಲೂ ಸನ್‌ಸ್ಕ್ರೀನ್ ಟ್ಯೂಬುಗಳು ಕಾಣುತ್ತಿವೆ. ಚೀಟಿ ಓದದೆ ಗಿಡಕ್ಕೆ ಔಷಧಿ ಹೊಡೆಯದ ನಾವು, ಮುಖಕ್ಕೆ ಹಚ್ಚುವುದರ ಚೀಟಿಯನ್ನೂ ಓದಬೇಕಷ್ಟೆ.

ನೆಲಕ್ಕೆ ತಲುಪುವ ನೇರಳಾತೀತ ಕಿರಣಗಳು ಎರಡು ಬಗೆ. ಯು.ವಿ.ಬಿ. ಚರ್ಮವನ್ನು ಸುಟ್ಟು ಕೆಂಪಾಗಿಸುತ್ತದೆ. ಯು.ವಿ.ಎ. ಇನ್ನೂ ಆಳಕ್ಕಿಳಿದು ಕಪ್ಪು ಕಲೆ, ಸುಕ್ಕುಗಳನ್ನು ತರುತ್ತದೆ. ಇದರಿಂದ ಉರಿಯಾಗದ ಕಾರಣ ನಮಗೆ ತಿಳಿಯುವುದೇ ಇಲ್ಲ; ಜೀಪಿನ ಪಕ್ಕದ ಗಾಜನ್ನೂ ಹಾಯ್ದು ಬರುತ್ತದೆ. ‘ಬ್ರಾಡ್ ಸ್ಪೆಕ್ಟ್ರಮ್’ ಎಂದರೆ ಈ ಎರಡನ್ನೂ ತಡೆಯುತ್ತದೆ ಎಂದರ್ಥ.

ಎಸ್.ಪಿ.ಎಫ್. ಅಂಕಿ ಮುಖ್ಯವಾಗಿ ಯು.ವಿ.ಬಿ.ಯ ಸುಡುವಿಕೆಗೆ ಸಂಬಂಧಿಸಿದ್ದು. 30 ಎಂದರೆ ಮೂವತ್ತು ನಿಮಿಷವಲ್ಲ. ಸುಡುವ ಕಿರಣದಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಒಳಗೆ ಹೋಗುತ್ತದೆ ಎಂದು. ನೂರಕ್ಕೆ ಲೆಕ್ಕ ಹಾಕಿದರೆ 30ರಲ್ಲಿ ಸುಮಾರು 3, 50ರಲ್ಲಿ 2. ವ್ಯತ್ಯಾಸ ಅಂಕಿಯಲ್ಲಿ ಕಂಡಷ್ಟು ದೊಡ್ಡದಲ್ಲ.

ಯು.ವಿ.ಎ. ತಡೆಯ ದರ್ಜೆಯೇ ಪಿ.ಎ. ಇದು ಜಪಾನಿನಿಂದ ಬಂದ ಪದ್ಧತಿ. ಮುಂದಿರುವ + ಗುರುತು ಒಂದರಿಂದ ನಾಲ್ಕರವರೆಗೆ ಏರುತ್ತದೆ. ಗುರುತು ಹೆಚ್ಚಿದಷ್ಟೂ ತಡೆ ಹೆಚ್ಚು. ಬಿಸಿಲಲ್ಲಿ ದುಡಿಯುವವರು ಎಸ್.ಪಿ.ಎಫ್. 30 ಅಥವಾ ಮೇಲ್ಪಟ್ಟು, ಪಿ.ಎ.+++ ಅಥವಾ ++++ ಇರುವುದನ್ನು ಕೊಳ್ಳುವುದು ಲೇಸು.

ಆದರೆ ಚೀಟಿಯ ಅಂಕಿ ನಿಜವಾಗುವುದು ಪ್ರಮಾಣ ಸರಿಯಿದ್ದಾಗ ಮಾತ್ರ. ಬೋರ್ಡೋ ದ್ರಾವಣ ಎಷ್ಟೇ ಸರಿಯಾಗಿ ಮಾಡಿದ್ದರೂ ಗೊನೆ ಪೂರ್ತಿ ನೆನೆಯದಿದ್ದರೆ ಕೊಳೆ ನಿಲ್ಲದು, ಇದೂ ಹಾಗೆಯೇ. ಪರೀಕ್ಷೆಯಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಮುಖವನ್ನು ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬೇಕಾದದ್ದು 1.2 ಗ್ರಾಂ. ತಕ್ಕಡಿ ಬೇಡ: ತೋರುಬೆರಳು, ನಡುಬೆರಳುಗಳ ಮೇಲೆ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆದರೆ ಮುಖಕ್ಕೂ ಕತ್ತಿಗೂ ಸುಮಾರಾಗಿ ಸಾಕು. ಕಿವಿಯನ್ನು ಮರೆಯಬಾರದು. ಅರ್ಧ ಹಚ್ಚಿದರೆ 50ರ ಕ್ರೀಮಿನ ಫಲವೂ ಅರ್ಧಕ್ಕೆ ಅಥವಾ ಇನ್ನೂ ಕೆಳಕ್ಕೆ ಇಳಿಯುತ್ತದೆ.

ನಾವು ಸರಿಯಾಗಿ ಹಚ್ಚುತ್ತಿದ್ದೇವೆಯೇ ಎಂದು ತಿಳಿಯಲು ಟ್ಯೂಬನ್ನೇ ನೋಡಬೇಕು. 50 ಗ್ರಾಂ ಟ್ಯೂಬು, ಮುಖಕ್ಕಷ್ಟೇ ಆದರೂ, ಸುಮಾರು 40 ಸಲಕ್ಕೆ ಮುಗಿಯಬೇಕು. ದಿನಕ್ಕೆರಡು ಸಲವಾದರೆ ಮೂರು ವಾರ. ಮೂರು ತಿಂಗಳು ಬಂದರೆ ಹಚ್ಚಿದ್ದು ಕಾಲು ಭಾಗವೆಂದೇ ಲೆಕ್ಕ.

ಬಿಸಿಲಿಗಿಳಿಯುವ ಕಾಲುಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರಿ ಮುಖ ಒರೆಸಿಕೊಂಡರೆ ಕ್ರೀಮೂ ಟವೆಲಿಗೇ ಹೋದಂತೆ. ಇಷ್ಟು ಖರ್ಚು ಭಾರವೆನಿಸುವವರು ಅಗಲ ಅಂಚಿನ ಟೋಪಿ ಅಥವಾ ಮುಟ್ಟಾಳೆ ಧರಿಸಿ, ನೆರಳು ಬೀಳದ ಮೂಗು, ಕೆನ್ನೆಗಳಿಗಾದರೂ ದಪ್ಪಗೆ ಹಚ್ಚಲಿ. ಇಡೀ ಮುಖಕ್ಕೆ ತೆಳ್ಳಗೆ ಸವರುವುದಕ್ಕಿಂತ ಅದು ಮೇಲು.