ವಿಪಿಎನ್ ಹಾಕಿದ್ರೆ ಯಾರಿಗೂ ಕಾಣೋದಿಲ್ಲವೇ?

ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗನೊಬ್ಬ ಮೊನ್ನೆ ತನ್ನ ಫೋನ್ ತೋರಿಸಿದ. ಪರದೆಯ ಮೇಲೆ ಹಸಿರು ಬೀಗದ ಚಿತ್ರ, ಕೆಳಗೆ ‘ಸಿಂಗಾಪುರ’. "ಈಗ ನಾನು ಎಲ್ಲಿದ್ದೇನೆ ಅಂತ ಯಾರಿಗೂ ಗೊತ್ತಾಗಲ್ಲ" ಅಂದ. ಮ್ಯಾಪ್ ತೆರೆಯೋಕೆ ಹೇಳಿದೆವು. ನೀಲಿ ಚುಕ್ಕೆ ಸಿಂಗಾಪುರಕ್ಕೆ ಹೋಗಿರಲಿಲ್ಲ, ರಸೆಲ್ ಮಾರ್ಕೆಟ್ ಪಕ್ಕದಲ್ಲೇ ಇತ್ತು. ಮ್ಯಾಪ್ ಜಾಗ ಹುಡುಕೋದು ಜಿಪಿಎಸ್ ಮತ್ತು ಸುತ್ತಲಿನ ವೈಫೈ ನೋಡಿ. ವಿಪಿಎನ್ ಬದಲಾಯಿಸುವುದು ಐಪಿ ವಿಳಾಸವನ್ನು ಮಾತ್ರ.

ಹಾಗಾದ್ರೆ ಅದು ಕಾಯುವುದೇನನ್ನು? ಫೋನ್‌ನಿಂದ ವಿಪಿಎನ್ ಕಂಪೆನಿಯ ಸರ್ವರ್‌ವರೆಗಿನ ದಾರಿಯನ್ನು. ಇಂದಿರಾನಗರದ ಕೆಫೆಯೊಂದರಲ್ಲಿ ಕೂತು ಪುಕ್ಕಟೆ ವೈಫೈಯಲ್ಲಿ ಬ್ಯಾಂಕ್ ಆ್ಯಪ್ ತೆರೆದಿರಿ ಅಂತ ಇಟ್ಟುಕೊಳ್ಳಿ. ವಿಪಿಎನ್ ಇಲ್ಲದಿದ್ದರೂ ಪಾಸ್‌ವರ್ಡ್, ಖಾತೆಯ ಮೊತ್ತ ಕೆಫೆಯವರಿಗೆ ಕಾಣೋದಿಲ್ಲ. ಅವನ್ನು ಆ್ಯಪ್ ತಾನೇ ಗೂಢಲಿಪಿ ಮಾಡಿ ಕಳಿಸುತ್ತದೆ. ವೈಫೈ ನಡೆಸುವವನಿಗೆ ಕಾಣಬಹುದಾದದ್ದು ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಅನ್ನುವಷ್ಟು. ವಿಪಿಎನ್ ಹಾಕಿದರೆ ಬ್ಯಾಂಕಿನ ಹೆಸರೂ ಅವನಿಗೆ ಮರೆಯಾಗುತ್ತದೆ. ಆದರೆ ಆ ಹೆಸರು ಈಗ ವಿಪಿಎನ್ ಕಂಪೆನಿಗೆ ಕಾಣುತ್ತದೆ! ಕೆಫೆಯವನ ಮೇಲಿದ್ದ ಅನುಮಾನವನ್ನು ತೆಗೆದು, ಮುಖ ನೋಡದ ಕಂಪೆನಿಯೊಂದರ ಮೇಲೆ ನಂಬಿಕೆ ಇಟ್ಟ ಹಾಗಾಯಿತು. ಜಾಹೀರಾತಿನಲ್ಲಿ ಬರುವ ‘ಮಿಲಿಟರಿ ದರ್ಜೆಯ’ ಗೂಢಲಿಪಿ ಅಂದರೆ ಸಾಮಾನ್ಯವಾಗಿ ಎಇಎಸ್-256. ಅದು ಸುಳ್ಳಲ್ಲ, ಆದರೆ ವಿಶೇಷವೂ ಅಲ್ಲ. ಅದೇ ಜಾತಿಯ ಬೀಗ ಬ್ಯಾಂಕ್ ಆ್ಯಪ್‌ನಲ್ಲೂ ಇದೆ.

ಹೆಚ್ಚು ಅನುಮಾನ ಪಡಬೇಕಾದ ಮಾತು ‘ನಾವು ದಾಖಲೆ ಇಡುವುದಿಲ್ಲ’ ಅನ್ನೋದು. ಹಾಂಗ್‌ಕಾಂಗ್‌ನ ಯುಎಫ್‌ಒ ವಿಪಿಎನ್ ಎಂಬ ಪುಕ್ಕಟೆ ಆ್ಯಪ್ ಹೀಗೇ ಹೇಳಿಕೊಳ್ಳುತ್ತಿತ್ತು. 2020ರಲ್ಲಿ ಅದರ ದಾಖಲೆಗಳ ರಾಶಿಯೇ ಬೀಗವಿಲ್ಲದೆ ಇಂಟರ್ನೆಟ್‌ನಲ್ಲಿ ಬಿದ್ದಿರುವುದು ಪತ್ತೆಯಾಯಿತು. ಅದರಲ್ಲಿ ಬಳಕೆದಾರರ ಐಪಿ ವಿಳಾಸಗಳಿದ್ದವು, ಪಾಸ್‌ವರ್ಡ್‌ಗಳೂ ಇದ್ದವು. ಸರ್ವರ್‌ಗೆ ಬಾಡಿಗೆ ಇದೆ, ಕರೆಂಟಿಗೆ ಖರ್ಚಿದೆ. ಪುಕ್ಕಟೆ ಕೊಡುವವನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಲೇಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಸೇವೆ ಮಾರುವವರು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ವಿಳಾಸ, ಸೇವೆ ಪಡೆದ ಉದ್ದೇಶ, ಇವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಒಪ್ಪದೆ ಇಲ್ಲಿನ ಸರ್ವರ್‌ಗಳನ್ನೇ ತೆಗೆದವು. ಆಮೇಲೆ ಎಕ್ಸ್‌ಪ್ರೆಸ್‌ನ ಪಟ್ಟಿಯಲ್ಲಿ ‘ಇಂಡಿಯಾ’ ಅಂತ ಇದ್ದರೂ ಯಂತ್ರ ಇರುತ್ತಿದ್ದದ್ದು ಸಿಂಗಾಪುರದಲ್ಲೋ ಬ್ರಿಟನ್ನಿನಲ್ಲೋ. ಆಫೀಸುಗಳು ತಮ್ಮ ನೌಕರರಿಗೆ ಕೊಡುವ ವಿಪಿಎನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರ ಕೆಲಸವೇ ಬೇರೆ, ಮನೆಯಿಂದ ಆಫೀಸಿನ ನೆಟ್‌ವರ್ಕ್ ಒಳಗೆ ಹೋಗುವ ಬಾಗಿಲು ಅದು. ಆ ಬಾಗಿಲಲ್ಲಿ ನಿಂತು ನೋಡುವವರು ಆಫೀಸಿನವರೇ.

ಇನ್ನು ಹಣ ಹೋಗುವ ವಿಷಯ. ಕೆ.ಆರ್.ಪುರದ ಪಿಜಿಯಲ್ಲಿರುವ ನಮ್ಮ ಪರಿಚಯದ ಯುವಕನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾಗದ ಬಂತು. ಫೈಲ್‌ನ ಕೊನೆಯಲ್ಲಿ <code>.apk</code> ಅಂತ ಇತ್ತು. ಕಾಗದ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, <code>.apk</code> ಅಂದರೆ ಅದು ಆ್ಯಪ್. ಆತ ಒತ್ತಿದ, ಇನ್‌ಸ್ಟಾಲ್ ಆಯಿತು, ಮೆಸೇಜ್ ಓದಲು ಕೇಳಿದ ಅನುಮತಿಗೂ ಒಪ್ಪಿದ. ಓಟಿಪಿಗಳು ಕಳ್ಳರ ಕೈ ಸೇರಿ ಖಾತೆಯಿಂದ ಹಣ ಹೋಯಿತು. ಅಷ್ಟೂ ಹೊತ್ತು ಅವನ ವಿಪಿಎನ್ ಚಾಲೂ ಇತ್ತು. ದಾರಿಗೆ ಎಷ್ಟೇ ಕಾವಲಿದ್ದರೂ ಕಳ್ಳ ಫೋನ್ ಒಳಗೇ ಕೂತಿದ್ದ, ಅವನು ಕದ್ದ ಓಟಿಪಿಯೂ ಅದೇ ಭದ್ರ ದಾರಿಯಲ್ಲಿ ಹೋಯಿತು. ಇಂಥದ್ದಾದರೆ ವಿಪಿಎನ್ ಹುಡುಕಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಿಗೆ ಕೊನೆಯದೊಂದು ಮಾತು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್‌ಗೆ ತಡೆ ಇದೆ ಅಂತ ಹಲವರು ವಿಪಿಎನ್ ಹಾಕಿ ಉಮ್ಮನ ಜೊತೆ ಮಾತಾಡುತ್ತಾರೆ. ಅಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ಅಪರಾಧ ಅಲ್ಲ. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ 2021ರ 34ನೇ ಕಾನೂನಿನಂತೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ, ಜೈಲು ಶಿಕ್ಷೆಯೂ ಇದೆ. ತಡೆದ ಕಾಲ್ ಮಾಡುವುದು ಇದರೊಳಗೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ನಮ್ಮ ಮಗನೇ ಯಾಕೆ ಬೇಕು? ಬೋಟಿಮ್‌ನಂಥ ಅನುಮತಿ ಇರುವ ಆ್ಯಪ್‌ಗಳಿವೆ. ಇಲ್ಲಿ ಉಮ್ಮನ ಫೋನ್‌ಗೂ ಅದನ್ನೇ ಹಾಕಿಕೊಟ್ಟರೆ ಆಯಿತು.