ಚದರ ಮೀಟರಿಗೆ ಎಷ್ಟು ಮೂಟೆ?

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕಾಗಿ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯ ಮಾಂಸದಂಗಡಿಗಳನ್ನು ಕೆಲವು ವಾರ ಮುಚ್ಚಿಸಿದ್ದರು. ಅಂಗಡಿಯ ಕಸಕ್ಕೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಎರಡಕ್ಕೂ ಅಪಾಯ. ಆದರೂ ಬೆಂಗಳೂರಿನ ಆಕಾಶದಲ್ಲಿ ಹದ್ದೇ ಇಲ್ಲದ ದಿನ ಎಲ್ಲಿದೆ? ಅಂಥ ಪ್ರದರ್ಶನಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಎರಡೂ ಕಡೆ ಓಡುತ್ತದೆ. ದೂರದಲ್ಲಿ ಹದ್ದೊಂದು ರೆಕ್ಕೆ ಬಡಿಯದೆ ನಿಧಾನವಾಗಿ ಸುತ್ತುತ್ತಾ ಮೇಲೇರುತ್ತಿರುತ್ತದೆ. ಇತ್ತ ತೇಜಸ್ ಪಕ್ಕಕ್ಕೆ ಮಗುಚಿಕೊಂಡು, ಎದೆ ನಡುಗಿಸುವ ಸದ್ದಿನೊಂದಿಗೆ ಬಿಗಿಯಾದ ಸುತ್ತು ಹಾಕುತ್ತದೆ. ಹದ್ದಿಗೆ ಉದ್ದನೆಯ ರೆಕ್ಕೆ. ತೇಜಸ್ಸಿಗೆ ಸಮೋಸದಂತೆ ಮೂರು ಮೂಲೆಯ, ಮೊಟಕು ರೆಕ್ಕೆ. ಇಬ್ಬರೂ ಹಾರುವುದು ಅದೇ ಗಾಳಿಯಲ್ಲಿ.

ರೆಕ್ಕೆಯ ಆಕಾರ ಯಾಕೆ ಹಾಗಿದೆ ಎಂದು ತಿಳಿಯಲು ಮೊದಲು ಕೇಳಬೇಕಾದದ್ದು ತೀರಾ ಸರಳ ಪ್ರಶ್ನೆ: ರೆಕ್ಕೆಯ ಒಂದೊಂದು ಚದರ ಮೀಟರಿನ ಮೇಲೆ ಎಷ್ಟು ಭಾರ ಬಿದ್ದಿದೆ? ವಿಮಾನದ ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಇದಕ್ಕೆ ವಿಂಗ್ ಲೋಡಿಂಗ್ ಎನ್ನುತ್ತಾರೆ. ಅಳತೆಗೆ ನಮಗೆ ಗೊತ್ತಿರುವ 50 ಕೆ.ಜಿ.ಯ ಸಿಮೆಂಟ್ ಮೂಟೆಯನ್ನೇ ಇಟ್ಟುಕೊಳ್ಳೋಣ.

ಜರ್ಮನಿಯ ಎಲ್‌ಎಸ್8 ಎಂಬ ಒಬ್ಬರೇ ಕೂರುವ ಗ್ಲೈಡರಿನ ರೆಕ್ಕೆ 10.5 ಚದರ ಮೀಟರ್. ಪೈಲಟ್ ಸೇರಿ ತೂಕ ಸುಮಾರು 340 ಕೆ.ಜಿ. ಅಂದರೆ ಚದರ ಮೀಟರಿಗೆ 32 ಕೆ.ಜಿ., ಮುಕ್ಕಾಲು ಮೂಟೆಯೂ ಇಲ್ಲ. ತೇಜಸ್ಸಿನ ರೆಕ್ಕೆ 38.4 ಚದರ ಮೀಟರ್; 9.8 ಟನ್ ತೂಗುವಾಗ ಚದರ ಮೀಟರಿಗೆ 255 ಕೆ.ಜಿ., ಐದು ಮೂಟೆ. ನಾವು ಹುಬ್ಬಳ್ಳಿಗೋ ದಿಲ್ಲಿಗೋ ಹೋಗುವ ಏರ್‌ಬಸ್ ಎ320ರ ರೆಕ್ಕೆ 122.6 ಚದರ ಮೀಟರ್, ತುಂಬಿದ ತೂಕ 78 ಟನ್. ಅಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಹೆಚ್ಚುಕಡಿಮೆ ಹದಿಮೂರು ಮೂಟೆ. ಹೌದು, ಯುದ್ಧವಿಮಾನಕ್ಕಿಂತ ಪ್ರಯಾಣಿಕರ ವಿಮಾನದ ರೆಕ್ಕೆಯೇ ಹೆಚ್ಚು ಹೊರೆ ಹೊತ್ತಿದೆ. ಇದನ್ನು ಕೇಳಿದವರು ಸಾಮಾನ್ಯವಾಗಿ ನಂಬುವುದಿಲ್ಲ.

ಈ ಹೊರೆ ಮೊದಲು ನಿರ್ಧರಿಸುವುದು ವೇಗವನ್ನು. ರೆಕ್ಕೆ ಎತ್ತುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಎತ್ತುವ ಶಕ್ತಿ ನಾಲ್ಕು ಪಟ್ಟು. ತಿರುಗಿಸಿ ಹೇಳಿದರೆ, ಹೊರೆ ಹದಿನಾರು ಪಟ್ಟಾದಾಗ ಬೀಳದೆ ಇರಲು ವೇಗ ನಾಲ್ಕು ಪಟ್ಟು ಬೇಕು. ಎಲ್‌ಎಸ್8 ಗಂಟೆಗೆ ಸುಮಾರು 70 ಕಿ.ಮೀ. ತನಕ ನಿಧಾನವಾಗಬಹುದು, ಅದಕ್ಕಿಂತ ಇಳಿದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ, ಅದೇ ಸ್ಟಾಲ್. ಎ320 ಇಳಿಯುವ ಹೊತ್ತಿಗೆ 66 ಟನ್ ಇದ್ದರೆ ಹೊರೆ 538 ಕೆ.ಜಿ., ಗ್ಲೈಡರಿನ ಸುಮಾರು ಹದಿನೇಳು ಪಟ್ಟು. ಅದೇ ಲೆಕ್ಕದಲ್ಲಿ ಅದರ ಸ್ಟಾಲ್ ವೇಗ 285 ಕಿ.ಮೀ. ಆಗಬೇಕು. ಸ್ಟಾಲ್ ಆಗುವ ವೇಗದಲ್ಲೇ ಯಾರೂ ಇಳಿಸುವುದಿಲ್ಲ, ಕಾಲು ಭಾಗದಷ್ಟು ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಹಾಗಾದರೆ 350 ಕಿ.ಮೀ. ವೇಗದಲ್ಲಿ ರನ್‌ವೇ ಮುಟ್ಟಬೇಕು. ಚಕ್ರ, ಬ್ರೇಕು, ರನ್‌ವೇ ಯಾವುದೂ ಅದಕ್ಕೆ ಸಾಲದು.

ಇಲ್ಲಿ ಕೆಲಸಕ್ಕೆ ಬರುವುದು ಕಿಟಕಿ ಪಕ್ಕ ಕೂತವರೆಲ್ಲ ನೋಡಿರುವ ವಸ್ತು. ಇಳಿಯುವ ಮುನ್ನ ಗುಂಯ್ ಎಂದು ಸದ್ದಾಗಿ ರೆಕ್ಕೆಯ ಹಿಂಬದಿಯಿಂದ ಹಲಗೆಗಳು ಜಾರಿ ಕೆಳಕ್ಕೆ ಬಾಗುತ್ತವಲ್ಲ, ಆ ಫ್ಲ್ಯಾಪುಗಳು. ಮುಂಬದಿಯಲ್ಲೂ ಸ್ಲ್ಯಾಟ್ ಎಂಬ ಪಟ್ಟಿಗಳು ಹೊರಬರುತ್ತವೆ. ಇವೆಲ್ಲ ಸೇರಿ ರೆಕ್ಕೆಯ ಎತ್ತುವ ಸಾಮರ್ಥ್ಯವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ ಸ್ಟಾಲ್ ವೇಗವನ್ನು ಸುಮಾರು 200ಕ್ಕೆ, ಇಳಿಯುವ ವೇಗವನ್ನು 245ರ ಆಸುಪಾಸಿಗೆ ತರುತ್ತವೆ.

ಇಷ್ಟು ಒದ್ದಾಡುವ ಬದಲು ರೆಕ್ಕೆಯನ್ನೇ ದೊಡ್ಡದು ಮಾಡಬಾರದೇ? ಮಾಡಬಹುದು. ಆದರೆ ಎ320 ಇಳಿಯುವುದು ಕೆಲವು ನಿಮಿಷ. ಉಳಿದ ಹೊತ್ತೆಲ್ಲ 11 ಕಿ.ಮೀ. ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗಕ್ಕೆ ಇರುವ ರೆಕ್ಕೆಯೇ ಸಾಕು. ಹೆಚ್ಚುವರಿ ರೆಕ್ಕೆ ಅಲ್ಲಿ ಬರೀ ಗಾಳಿಗೆ ಉಜ್ಜಿಕೊಂಡು ಇಂಧನ ತಿನ್ನುತ್ತದೆ. ಇನ್ನೊಂದು ಅನುಕೂಲ ನಮ್ಮ ಹೊಟ್ಟೆಗೇ ಗೊತ್ತು: ಮೇಲ್ಮುಖವಾದ ಒಂದು ಗಾಳಿಯ ಹೊಡೆತ ಹಗುರ ಹೊರೆಯ ಸಣ್ಣ ವಿಮಾನವನ್ನು ಎತ್ತಿ ಕುಕ್ಕುವಷ್ಟು, ಚದರ ಮೀಟರಿಗೆ ಹದಿಮೂರು ಮೂಟೆ ಹೊತ್ತ ರೆಕ್ಕೆಯನ್ನು ಕುಕ್ಕುವುದಿಲ್ಲ.

ಹಾಗಾದರೆ ಹೊರೆ ಹೆಚ್ಚಿಸಿಕೊಳ್ಳುವುದು ಗ್ಲೈಡರಿಗೆ ಬೇಡವೇ? ಸ್ಪರ್ಧೆಯ ಬೆಳಿಗ್ಗೆ ಗ್ಲೈಡರ್ ಮೈದಾನಕ್ಕೆ ಹೋದರೆ ವಿಚಿತ್ರ ಕಾಣುತ್ತದೆ. ಹಗುರವಾಗಿರಲೆಂದು ಗ್ರಾಂ ಲೆಕ್ಕದಲ್ಲಿ ಕಟ್ಟಿದ ರೆಕ್ಕೆಯೊಳಗೆ ಪೈಪು ಹಿಡಿದು ನೀರು ತುಂಬುತ್ತಿರುತ್ತಾರೆ. ಎಲ್‌ಎಸ್8ಕ್ಕೆ ಸುಮಾರು 180 ಲೀಟರ್ ತುಂಬಿದರೆ ತೂಕ ಅದರ ಮಿತಿಯಾದ 525 ಕೆ.ಜಿ. ಮುಟ್ಟುತ್ತದೆ, ಹೊರೆ ಚದರ ಮೀಟರಿಗೆ ಸರಿಯಾಗಿ ಒಂದು ಮೂಟೆ. ಈ ಗ್ಲೈಡರ್ ಒಂದು ಕಿ.ಮೀ. ಎತ್ತರ ಕಳೆದುಕೊಳ್ಳುವುದರೊಳಗೆ ಸುಮಾರು 43 ಕಿ.ಮೀ. ಸಾಗುತ್ತದೆ, ಅಂದರೆ ಬೆಂಗಳೂರಿನ ಮೇಲೆ ಬಿಟ್ಟರೆ ನೆಟ್ಟಗೆ ರಾಮನಗರ. ನೀರು ತುಂಬಿದರೆ ಈ 43 ಬದಲಾಗುವುದಿಲ್ಲ. ಬದಲಾಗುವುದು ಅಷ್ಟು ದೂರ ಸಾಗುವ ವೇಗ, ಅದು ಕಾಲು ಭಾಗದಷ್ಟು ಏರುತ್ತದೆ. ಅದೇ ಜಾರುಬಂಡೆ, ಜಾರುವುದು ಮಾತ್ರ ಬೇಗ.

ಬೆಲೆಯೂ ಇದೆ. ಭಾರದ ಗ್ಲೈಡರ್ ಬೇಗ ಕೆಳಗಿಳಿಯುತ್ತದೆ. ಬಿಸಿಗಾಳಿಯ ಏರುಪ್ರವಾಹದಲ್ಲಿ ಹದ್ದಿನಂತೆ ಕಿರಿದಾಗಿ ಸುತ್ತಲು ಅದಕ್ಕೆ ಆಗುವುದಿಲ್ಲ. ಆದ್ದರಿಂದ ಬಿಸಿಲು ಚುರುಕಾಗಿದ್ದರೆ ನೀರು, ಮೋಡ ಮುಚ್ಚಿ ಏರುಗಾಳಿ ಸೊರಗಿದರೆ ಕೀಲು ತೆರೆದು ಆಕಾಶದಲ್ಲೇ ಚೆಲ್ಲುವುದು. ಇಳಿಯುವ ಮುನ್ನವೂ ಚೆಲ್ಲುತ್ತಾರೆ. ಆಗ ಎರಡೂ ರೆಕ್ಕೆಯಿಂದ ನೀರು ಸಮನಾಗಿ ಹೋಗುತ್ತಿದೆಯೇ ಎಂದು ನೋಡಲೇಬೇಕು. ಒಂದು ಕಡೆಯ ಕೀಲು ಕಚ್ಚಿಕೊಂಡರೆ ಆ ರೆಕ್ಕೆ ತೂಗುತ್ತದೆ, ವಿಮಾನವನ್ನು ಮಟ್ಟವಾಗಿಡಲು ಪೈಲಟ್ ಕೋಲನ್ನು ಇನ್ನೊಂದು ಬದಿಗೆ ಒತ್ತಿಹಿಡಿಯಬೇಕಾಗುತ್ತದೆ. ವೇಗ ಇಳಿದಂತೆ ಆ ಒತ್ತೂ ಸಾಲದಾಗುತ್ತದೆ.

ಇನ್ನು ಆಕಾರ. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಥರ್ಟಿ ಫಾರ್ಟಿ ಸೈಟೂ 1200 ಅಡಿ, ಟ್ವೆಂಟಿ ಸಿಕ್ಸ್ಟಿ ಸೈಟೂ 1200 ಅಡಿ; ಆದರೆ ಒಂದು ಚೌಕಕ್ಕೆ ಹತ್ತಿರ, ಇನ್ನೊಂದು ಪಟ್ಟಿಯಂತೆ. ರೆಕ್ಕೆಯೂ ಹಾಗೇ. ಅದರ ಉದ್ದ ಅಗಲಕ್ಕಿಂತ ಎಷ್ಟು ಪಟ್ಟು ಎಂಬುದೇ ಆಸ್ಪೆಕ್ಟ್ ರೇಶಿಯೋ. ರೆಕ್ಕೆ ಉದ್ದಕ್ಕೂ ಒಂದೇ ಅಗಲ ಇರುವುದಿಲ್ಲವಾದ್ದರಿಂದ, ತುದಿಯಿಂದ ತುದಿಯ ಉದ್ದವನ್ನು ಅದರಿಂದಲೇ ಗುಣಿಸಿ ವಿಸ್ತೀರ್ಣದಿಂದ ಭಾಗಿಸುತ್ತಾರೆ. 15 ಮೀಟರ್ ಉದ್ದದ ಎಲ್‌ಎಸ್8ಕ್ಕೆ 21 ಬರುತ್ತದೆ, ಎ320ಕ್ಕೆ ಒಂಬತ್ತೂವರೆ, ತೇಜಸ್ಸಿಗೆ ಬರೀ 1.75.

ರೆಕ್ಕೆ ಮೇಲೇರುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಬಹುದು, ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಬಹುದು. ಸಿಗುವ ಎತ್ತುವ ಬಲ ಒಂದೇ, ಆದರೆ ಎರಡನೆಯದಕ್ಕೆ ಖರ್ಚಾಗುವ ಶಕ್ತಿ ಕಡಿಮೆ. ಉದ್ದದ ರೆಕ್ಕೆಗೆ ಹೆಚ್ಚು ಗಾಳಿ ಸಿಗುತ್ತದೆ. ಮೊಟಕು ರೆಕ್ಕೆಯಲ್ಲಿ ಕೆಳಗಿನ ಒತ್ತಡದ ಗಾಳಿ ತುದಿಯನ್ನು ಬಳಸಿ ಮೇಲಕ್ಕೆ ನುಗ್ಗಿ ಜೋರಾದ ಸುಳಿಯಾಗುತ್ತದೆ. ತೇವದ ದಿನ ಯುದ್ಧವಿಮಾನದ ರೆಕ್ಕೆತುದಿಯಿಂದ ಬಿಳಿ ದಾರದಂತೆ ಎಳೆದುಕೊಂಡು ಹೋಗುವುದು ಅದೇ. ಆ ಸುಳಿಗೆ ಬೇಕಾದ ಶಕ್ತಿಯನ್ನು ವಿಮಾನವೇ ಕೊಡಬೇಕು. ನಿಧಾನವಾಗಿ ಹಾರುವಾಗಲೂ ಜೋರಾಗಿ ತಿರುಗುವಾಗಲೂ ಈ ದಂಡ ಹೆಚ್ಚು. ಎಂಜಿನ್ನೇ ಇಲ್ಲದ ಗ್ಲೈಡರಿಗೆ ದಂಡ ಕಟ್ಟಲು ಇರುವುದು ಎತ್ತರ ಒಂದೇ. ಅದಕ್ಕೇ ಪಟ್ಟಿಯಂಥ ರೆಕ್ಕೆ.

ಹಾಗಿದ್ದರೆ ತೇಜಸ್ಸಿಗೆ ಯಾಕೆ ಈ ಮೊಟಕು? ಅದು ಗರಿಷ್ಠ 8 ಜಿ ತನಕ ತಿರುಗಬಲ್ಲದು. 8 ಜಿ ಎಂದರೆ ತಿರುವಿನಲ್ಲಿ ರೆಕ್ಕೆಗೆ ತೂಕ ಎಂಟು ಪಟ್ಟಾದಂತೆ: 9.8 ಟನ್ನಿನ ಎಂಟು ಪಟ್ಟು ಎಂದರೆ 78 ಟನ್. ತುಂಬಿದ ಎ320 ಒಂದನ್ನು, ತುದಿಯಿಂದ ತುದಿಗೆ 8.2 ಮೀಟರ್ ಇರುವ ರೆಕ್ಕೆ ಹೊತ್ತಂತಾಯಿತು! ಚದರ ಮೀಟರಿಗೆ ನಲವತ್ತು ಮೂಟೆ. ಮೊದಲೇ ಹೊರೆ ಹೆಚ್ಚಿದ್ದರೆ ಎಂಟು ಪಟ್ಟಿಗೆ ಏರಲು ಅವಕಾಶವೇ ಇರುತ್ತಿರಲಿಲ್ಲ, ರೆಕ್ಕೆ ಅರ್ಧದಲ್ಲೇ ಸ್ಟಾಲ್ ಆಗುತ್ತಿತ್ತು. ಐದು ಮೂಟೆಯಿಂದ ಶುರುಮಾಡುವುದರ ಗುಟ್ಟು ಇದು.

ಈಗ ತೇಜಸ್ಸಿನ ಅಷ್ಟೇ ವಿಸ್ತೀರ್ಣವನ್ನು ಗ್ಲೈಡರಿನ ಆಕಾರಕ್ಕೆ ಎಳೆದು ನೋಡಿ. ಉದ್ದ 29 ಮೀಟರ್ ಹತ್ತಿರ, ಅಗಲ ಒಂದೂಕಾಲು ಮೀಟರಿಗೆ ತುಸು ಹೆಚ್ಚು. ಶಬ್ದದ ವೇಗ ದಾಟಬೇಕಾದ ರೆಕ್ಕೆ ತೆಳ್ಳಗಿರಬೇಕು, ಅಗಲದ ನೂರಕ್ಕೆ ನಾಲ್ಕೈದರಷ್ಟು ದಪ್ಪ. ಅಂದರೆ ಐದಾರು ಸೆಂಟಿಮೀಟರ್ ದಪ್ಪದ ಹಲಗೆ, ಬುಡದಿಂದ 14 ಮೀಟರ್ ಚಾಚಿಕೊಂಡು, ಎರಡೂ ಕಡೆ ಸೇರಿ 78 ಟನ್ ಹೊರಬೇಕು. ಸನ್ನೆಗೋಲು ಉದ್ದವಾದಷ್ಟೂ ಬುಡಕ್ಕೆ ಬೀಳುವ ಪೆಟ್ಟು ಜಾಸ್ತಿ; ಇಲ್ಲಿ ಅದು ಮೂರೂವರೆ ಪಟ್ಟು. ಯಾವ ಲೋಹವೂ, ಯಾವ ಕಾರ್ಬನ್ ನಾರೂ ಇದಕ್ಕೆ ನಿಲ್ಲದು. ತೇಜಸ್ಸಿನ ರೆಕ್ಕೆಯ ಸರಾಸರಿ ಅಗಲ 4.7 ಮೀಟರ್ ಇರುವುದರಿಂದ, ಅದೇ ತೆಳುವಿನ ಪ್ರಮಾಣದಲ್ಲೂ ಒಳಗೆ ತೊಲೆ ಕೂರಿಸಲು, ಇಂಧನ ತುಂಬಲು ಜಾಗ ಸಿಗುತ್ತದೆ. ಮೊಟಕಾದದ್ದರಿಂದ ಕಣ್ಣುಮಿಟುಕಿಸುವಷ್ಟರಲ್ಲಿ ಮಗುಚಿಕೊಳ್ಳಲೂ ಆಗುತ್ತದೆ.

ದಂಡ ತಪ್ಪುವುದಿಲ್ಲ. ತ್ರಿಕೋನ ರೆಕ್ಕೆಯ ವಿಮಾನ ಮೊದಲ ತಿರುವನ್ನು ಚುರುಕಾಗಿ ತೆಗೆದುಕೊಂಡರೂ ಹಾಗೇ ಹಿಡಿದುಕೊಂಡರೆ ವೇಗ ಸೋರಿಹೋಗುತ್ತದೆ, ಎಂಜಿನ್ ಅದನ್ನು ತುಂಬಿಕೊಡಬೇಕು. ಇಳಿಯುವಾಗ ಬಾಲದ ರೆಕ್ಕೆ ಇಲ್ಲದ ಕಾರಣ ಎ320ಯಂಥ ದೊಡ್ಡ ಫ್ಲ್ಯಾಪ್ ಬಿಡಲಾಗದು, ಬಿಟ್ಟರೆ ಮೂತಿ ಕೆಳಗಾಗುತ್ತದೆ. ಅದಕ್ಕೇ ತೇಜಸ್ ರನ್‌ವೇಗೆ ಬರುವಾಗ ಹೆಡೆ ಎತ್ತಿದ ಹಾವಿನಂತೆ ಮೂತಿ ಮೇಲೆತ್ತಿಕೊಂಡು ಬರುತ್ತದೆ.

ಪ್ರಯಾಣಿಕರ ವಿಮಾನಕ್ಕೆ ಮಾತ್ರ ಉದ್ದದ ರೆಕ್ಕೆಯ ಆಸೆ ಇದೆ. ಇಂಧನ ಉಳಿಯುತ್ತದಲ್ಲ! ಅದನ್ನು ತಡೆಯುವುದು ಬಾಗುವ ಭಾರವೊಂದೇ ಅಲ್ಲ, ವಿಮಾನ ನಿಲ್ದಾಣದ ಪಾರ್ಕಿಂಗ್ ಕೂಡ. ಎ320 ನಿಲ್ಲುವ ವರ್ಗದ ಜಾಗಕ್ಕೆ ರೆಕ್ಕೆ 36 ಮೀಟರಿಗಿಂತ ಕಡಿಮೆ ಇರಬೇಕೆಂಬ ನಿಯಮ. ಹಳೆಯ ಎ320 34.1 ಮೀಟರ್ ಇತ್ತು. ತುದಿಯಲ್ಲಿ ಮೇಲಕ್ಕೆ ಮಡಿಸಿದಂಥ ಎರಡೂ ಚಿಲ್ಲರೆ ಮೀಟರ್ ಎತ್ತರದ ಶಾರ್ಕ್‌ಲೆಟ್ ಹಾಕಿದ ಮೇಲೆ 35.8 ಆಯಿತು. ಉದ್ದಕ್ಕೆ ಜಾಗವಿಲ್ಲದಾಗ ಎತ್ತರಕ್ಕೆ ಕಟ್ಟುವುದು, ಟ್ವೆಂಟಿ ಸಿಕ್ಸ್ಟಿ ಸೈಟಿನವರಿಗೆ ಗೊತ್ತಿರುವ ಉಪಾಯವೇ. ದೈತ್ಯ ಎ380ಕ್ಕೆ 80 ಮೀಟರಿನ ಗೆರೆ ಇತ್ತು, ಅದು 79.75ಕ್ಕೆ ನಿಂತಿತು. ಅಷ್ಟು ದೊಡ್ಡ ರೆಕ್ಕೆಯ ಆಸ್ಪೆಕ್ಟ್ ರೇಶಿಯೋ ಏಳೂವರೆ ಮಾತ್ರ, ಪುಟ್ಟ ಎ320ಗಿಂತಲೂ ಕಡಿಮೆ.

ಬೋಯಿಂಗ್ ತನ್ನ 777ಎಕ್ಸ್ ವಿಮಾನದಲ್ಲಿ ಈ ಗೆರೆಯನ್ನು ಬೇರೆ ರೀತಿ ದಾಟಿದೆ. ಹಾರುವಾಗ ಅದರ ರೆಕ್ಕೆ 71.8 ಮೀಟರ್. ಇಳಿದ ಮೇಲೆ ಎರಡೂ ತುದಿಯ ಮೂರೂವರೆ ಮೀಟರ್ ಮೇಲಕ್ಕೆ ಮಡಚಿಕೊಂಡು 64.8 ಆಗುತ್ತದೆ, 65ರ ಮಿತಿಯ ನಿಲುಗಡೆಗೆ ಸರಿಹೊಂದುತ್ತದೆ. ಇಂಥದ್ದು ಹಿಂದೆ ಪ್ರಯಾಣಿಕರ ವಿಮಾನದಲ್ಲಿ ಇರಲಿಲ್ಲವಾದ್ದರಿಂದ ಅಮೆರಿಕದ ವಿಮಾನಯಾನ ನಿಯಂತ್ರಕರು ಇದಕ್ಕೆಂದೇ ಹೊಸ ಷರತ್ತು ಬರೆಯಬೇಕಾಯಿತು: ತುದಿ ಬಿಚ್ಚಿ ಬೀಗ ಬೀಳದಿದ್ದರೆ ಪೈಲಟ್‌ಗೆ ಎಚ್ಚರಿಕೆ ಹೋಗಬೇಕು, ವಿಮಾನ ನೆಲ ಬಿಡಲೇಬಾರದು.