ಕರಾರು ಸಭೆಗೆ ಮುನ್ನ ದುಭಾಷಿಗೆ ತಿಳಿಸಬೇಕಾದುದು: ಮಂಗಳೂರಿನ ಗೇರುಬೀಜ ವ್ಯಾಪಾರದ ಒಂದು ಮಾದರಿ

ವ್ಯಾಪಾರದ ಮಾತುಕತೆಯಲ್ಲಿ ದುಭಾಷಿಯನ್ನು ಹೆಚ್ಚಾಗಿ ಎಡವಿಸುವುದು ಆತನಿಗೆ ಈಗಾಗಲೇ ಗೊತ್ತಿದೆ ಎನಿಸುವ ಪದಗಳು. ಇದನ್ನು ಪರಿಶೀಲಿಸಲು ನಾವು ಒಂದು ಮಾದರಿ ಸನ್ನಿವೇಶವನ್ನು ಇಟ್ಟುಕೊಳ್ಳುತ್ತೇವೆ. ಮಂಗಳೂರಿನ ಹೋಟೆಲೊಂದರ ಸಭಾಕೊಠಡಿಯಲ್ಲಿ ಸ್ಥಳೀಯ ಗೇರುಬೀಜ ರಫ್ತುದಾರರೂ ಜಪಾನಿನ ಖರೀದಿದಾರರೂ ಕುಳಿತಿದ್ದಾರೆ. ದುಭಾಷಿ ಬೆಂಗಳೂರಿನಿಂದ ಬಂದವರು. ಸಭೆಯ ವಿಷಯ ಒಂದು ಕಂಟೇನರ್ ತಿರುಳು.

ಮೊದಲ ತೊಡಕು ‘ಬೀಜ’ ಎಂಬ ಪದದಲ್ಲಿಯೇ ಇದೆ. ದಕ್ಷಿಣ ಕನ್ನಡದಲ್ಲಿ ‘ಗೇರುಬೀಜ’ ಎಂದರೆ ಸಿಪ್ಪೆಸಹಿತವಾದ ಕಚ್ಚಾ ಬೀಜವೂ ಹೌದು, ಸುಲಿದ ತಿರುಳೂ ಹೌದು. ಬೆಂಗಳೂರಿನವರಿಗೆ ತಿರುಳು ‘ಗೋಡಂಬಿ’. “ಬೀಜದ ದರ ಏರಿದೆ” ಎಂದು ರಫ್ತುದಾರರು ಹೇಳಿದಾಗ ಅದು ಕಾರ್ಖಾನೆಗೆ ಬರುವ ಕಚ್ಚಾ ಮಾಲಿನ ಮಾತು. ತಿರುಳಿನ ಬೆಲೆ ಏರಿಸಲು ಅವರು ಕೊಡುತ್ತಿರುವ ಕಾರಣ ಅದು. ದುಭಾಷಿ ಎರಡನ್ನೂ ಒಂದೇ ಜಪಾನೀ ಪದದಿಂದ ಹೇಳಿದರೆ ಕಾರಣವೇ ಕಾಣೆಯಾಗಿ ಬೇಡಿಕೆಯೊಂದೇ ಉಳಿಯುತ್ತದೆ.

ಎರಡನೆಯದು ಸಂಖ್ಯೆ. ‘ಡಬ್ಲ್ಯೂ 320’ ಎಂಬುದು ಬಿಳಿಯ ಇಡೀ ತಿರುಳಿನ ದರ್ಜೆ. ಒಂದು ಪೌಂಡಿಗೆ 300ರಿಂದ 320 ತಿರುಳುಗಳು ಎಂಬುದು ಅದರ ಅರ್ಥ. ಆದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ತಿರುಳು ಚಿಕ್ಕದು: 240 ದೊಡ್ಡದು, 450 ಸಣ್ಣದು. ವ್ಯಾಪಾರಿಗಳು ಇದನ್ನು ‘ತ್ರೀ ಟ್ವೆಂಟಿ’ ಎನ್ನುತ್ತಾರೆ. ಪೌಂಡಿಗೆ 3.20 ಡಾಲರ್ ಎಂಬ ದರವನ್ನೂ ಹಾಗೆಯೇ ಹೇಳಬಹುದು! ದರ್ಜೆಯೋ ದರವೋ ಎಂಬುದನ್ನು ಸಂದರ್ಭದಿಂದ ಊಹಿಸುವ ಹೊರೆಯನ್ನು ದುಭಾಷಿಯ ಮೇಲೆ ಹೇರಬಾರದು. ದರ್ಜೆಗೆ ಮುಂದೆ ‘ಡಬ್ಲ್ಯೂ’, ದರಕ್ಕೆ ಹಿಂದೆ ‘ಡಾಲರ್’ ಸೇರಿಸಿಯೇ ಹೇಳುವುದೆಂದು ಮೊದಲೇ ಒಪ್ಪಿಕೊಂಡರೆ ಸಾಕು.

ಮೊತ್ತಗಳ ಎಣಿಕೆ ಇನ್ನೂ ಸೂಕ್ಷ್ಮ. ಸಾಂಪ್ರದಾಯಿಕ ಪ್ಯಾಕಿಂಗಿನಲ್ಲಿ 25 ಪೌಂಡಿನ ಎರಡು ಡಬ್ಬಿಗಳು ಒಂದು ಪೆಟ್ಟಿಗೆಗೆ, 700 ಪೆಟ್ಟಿಗೆಗಳು ಒಂದು ಕಂಟೇನರಿಗೆ. ಒಟ್ಟು 35,000 ಪೌಂಡು. ಜಪಾನೀ ಭಾಷೆ ಎಣಿಸುವುದು ‘ಮಾನ್’ ಎಂಬ ಹತ್ತು ಸಾವಿರದ ಘಟಕದಲ್ಲಿ. ಹಾಗಾಗಿ ನಮ್ಮ ಮೂವತ್ತೈದು ಸಾವಿರ ಅಲ್ಲಿ ಮೂರು ಮಾನ್ ಐದು ಸಾವಿರ. ನಮ್ಮ ಒಂದು ಲಕ್ಷ ಹತ್ತು ಮಾನ್. ಒಂದು ಕೋಟಿ ಸಾವಿರ ಮಾನ್. ಮಾತಿನ ನಡುವೆ ಇದನ್ನು ಮನಸ್ಸಿನಲ್ಲೇ ಪರಿವರ್ತಿಸುವುದು ಕಷ್ಟ. ಪೌಂಡಿಗೆ ಐದು ಸೆಂಟ್ ತಪ್ಪಾದರೂ ಕಂಟೇನರಿಗೆ 1,750 ಡಾಲರ್ ವ್ಯತ್ಯಾಸವಾಗುತ್ತದೆ. ಸಂಖ್ಯೆಗಳನ್ನು ಹೇಳುತ್ತಲೇ ಅಂಕಿಯಲ್ಲಿ ಬರೆದು ಮೇಜಿನ ಮೇಲೆ ಇಡುವ ಪದ್ಧತಿಯನ್ನು ನಾವು ಬಲವಾಗಿ ಸಮರ್ಥಿಸುತ್ತೇವೆ.

ಕರಾರಿನ ಪಾರಿಭಾಷಿಕ ಪದಗಳಲ್ಲಿ ಒಂದನ್ನೇ ನೋಡೋಣ. ‘ಸಿಐಎಫ್ ಯೊಕೊಹಾಮಾ’ ಎಂದರೆ ಅಲ್ಲಿಯವರೆಗಿನ ಸಾಗಣೆ ಮತ್ತು ವಿಮೆಯ ವೆಚ್ಚ ಮಾರುವವರದು. ಆದರೆ ನಷ್ಟದ ಹೊಣೆ ಸರಕು ಪಣಂಬೂರಿನ ಬಂದರಿನಲ್ಲಿ ಹಡಗೇರಿದಾಗಲೇ ಕೊಳ್ಳುವವರಿಗೆ ದಾಟುತ್ತದೆ. ದುಭಾಷಿ ಸಹಾಯ ಮಾಡುವ ಉದ್ದೇಶದಿಂದ ಇದನ್ನು “ಯೊಕೊಹಾಮಾಕ್ಕೆ ತಲುಪಿಸಿಕೊಡುತ್ತಾರೆ” ಎಂದು ಬಿಡಿಸಿ ಹೇಳಿದರೆ ರಫ್ತುದಾರರು ಕೊಡದ ಮಾತನ್ನು ಕೊಟ್ಟಂತಾಗುತ್ತದೆ. ಇಂತಹ ಪದವನ್ನು ಅನುವಾದಿಸದೆ ಹಾಗೆಯೇ ದಾಟಿಸಬೇಕು. “ಸೆಪ್ಟೆಂಬರಿನಲ್ಲಿ ಕಳುಹಿಸುತ್ತೇವೆ” ಎಂಬ ಮಾತಿಗೂ ಇದೇ ಎಚ್ಚರ ಬೇಕು: ಅದು ಹಡಗೇರುವ ತಿಂಗಳು, ಮುಟ್ಟುವ ತಿಂಗಳಲ್ಲ.

ವೇಗದ ವಿಚಾರದಲ್ಲಿ ಎರಡು ಭಾಷೆಗಳ ರಚನೆ ನೆರವಿಗೆ ಬರುತ್ತದೆ. ಕನ್ನಡದಲ್ಲಿಯೂ ಜಪಾನಿಯಲ್ಲಿಯೂ ಕ್ರಿಯಾಪದ ಕೊನೆಗೆ, ನಿಷೇಧವೂ ಅದರೊಡನೆ. ಷರತ್ತಿನ ಉಪವಾಕ್ಯ ಮುಖ್ಯವಾಕ್ಯಕ್ಕಿಂತ ಮೊದಲು. “ಮುಂಗಡ ಬಂದರೆ ಈ ದರಕ್ಕೆ ಕೊಡುತ್ತೇವೆ” ಎಂಬುದರ ಕ್ರಮ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದರೆ ಮಂಗಳೂರಿನ ವ್ಯಾಪಾರಿಗಳು ಅರ್ಧ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವುದು ವಾಡಿಕೆ. ಆಗ ಷರತ್ತು ಹಿಂದಕ್ಕೆ ಸರಿದು ಈ ಅನುಕೂಲ ತಪ್ಪುತ್ತದೆ. ಒಂದು ಸರದಿಗೆ ಒಂದೇ ಭಾಷೆ, ಎರಡು ಮೂರು ವಾಕ್ಯಗಳ ನಂತರ ವಿರಾಮ, ವಿರಾಮ ಎಂದಿಗೂ ಕ್ರಿಯಾಪದದ ಆಚೆಗೆ: ಈ ಸೂಚನೆ ದುಭಾಷಿಗಿಂತ ಮಾತಾಡುವವರಿಗೇ ಹೆಚ್ಚು ಅಗತ್ಯ.

ಉಳಿದದ್ದು ಒಪ್ಪಿಗೆಯ ಸೂಚಕಗಳು. ನಮ್ಮ ‘ಹೂಂ’ ಹೇಗೆ ಕೇಳುತ್ತಿದ್ದೇನೆ ಎಂಬ ಗುರುತು ಮಾತ್ರವೋ ಜಪಾನೀಯರ ‘ಹಾಯ್’ ಕೂಡ ಎಷ್ಟೋ ಸಲ ಅಷ್ಟೇ. ನಮ್ಮ ‘ನೋಡೋಣ’ಕ್ಕೆ ಅವರ ‘ಕೆಂತೋ ಶಿಮಸ್’ ಹತ್ತಿರದ್ದು. ಎರಡೂ ನಯವಾದ ನಿರಾಕರಣೆ ಆಗಬಲ್ಲವು. ಇವನ್ನು ದುಭಾಷಿ ಒಪ್ಪಿಗೆಯೆಂದೋ ನಿರಾಕರಣೆಯೆಂದೋ ತೀರ್ಮಾನಿಸದೆ ಸಮಾನ ಮಸುಕಿನಲ್ಲಿಯೇ ದಾಟಿಸಬೇಕು. ಅರ್ಥ ಬೇಕಾದವರು ನೇರವಾಗಿ ಕೇಳಲಿ. ರಫ್ತುದಾರರು ತಮ್ಮೊಳಗೆ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಆಡುವ ಪಕ್ಕಮಾತು ಅನುವಾದಕ್ಕಲ್ಲ ಎಂಬುದನ್ನು ಸಭೆಗೆ ಮೊದಲೇ ಎರಡೂ ಪಕ್ಷಗಳ ಎದುರು ಹೇಳಿಡಬೇಕು. ಆ ಹೊತ್ತಿನಲ್ಲಿ ದುಭಾಷಿ “ಅವರು ತಮ್ಮೊಳಗೆ ಚರ್ಚಿಸುತ್ತಿದ್ದಾರೆ” ಎಂದಷ್ಟೇ ಹೇಳಿ ನೀರು ಕುಡಿಯಬಹುದು.